ಶಿವಮೊಗ್ಗದ ಒಂದು ಕೋ-ಲಿವಿಂಗ್ ರೂಮಿನ ರೆಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಮನೆಯ ಮೇಲಿನ ಮಹಡಿಯನ್ನು ಉದ್ಯೋಗಸ್ಥರಿಗೆ ಒಂದೊಂದೇ ರೂಮಾಗಿ ಬಾಡಿಗೆಗೆ ಕೊಡುವ ಮಾಲೀಕರು ಮತ್ತು ಅವರಿಗೆ ರೂಮಿನ ರೆಂಡರ್, ಅಂದರೆ ಕಟ್ಟಿಸುವ ಮುನ್ನ ಕಂಪ್ಯೂಟರಿನಲ್ಲಿ ಮಾಡುವ ಚಿತ್ರ, ಮಾಡಿಕೊಡುವ ಡಿಸೈನರ್‌ಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಒಂದೇ ರೂಮನ್ನು ಹಿಡಿದು ಸಾಗುತ್ತವೆ: 10 ಅಡಿಗೆ 12 ಅಡಿ, ಒಬ್ಬರಿಗೆ, ಮೊದಲ ಮಹಡಿ, ಪೂರ್ವಕ್ಕೆ ಕಿಟಕಿ. ಸಾಫ್ಟ್‌ವೇರ್ ಬ್ಲೆಂಡರ್ 4 ಸರಣಿ, ಅದರೊಳಗಿನ ಸೈಕಲ್ಸ್ ಎಂಜಿನ್.

ರೆಂಡರ್ ಶುರು ಮಾಡುವ ಮುನ್ನ ಸ್ಥಳದಲ್ಲಿ ಏನೇನು ಅಳೆಯಬೇಕು?

ಗೋಡೆಯಿಂದ ಗೋಡೆಗೆ ಮೂರು ಕಡೆ ಅಳೆಯಿರಿ: ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ತಲೆಯ ಎತ್ತರದಲ್ಲಿ. ಗಾರೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಮೂರರಲ್ಲಿ ಕಡಿಮೆ ಬಂದದ್ದನ್ನೇ ಮಾಡೆಲ್‌ಗೆ ಹಾಕಿ. ನಮ್ಮ ರೂಮು 3050 ಮಿ.ಮೀ. ಅಗಲ, 3660 ಮಿ.ಮೀ. ಉದ್ದ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಮೂಲೆಗಳು ಸರಿಯಾಗಿದ್ದರೆ ಎರಡೂ ಹೆಚ್ಚುಕಡಿಮೆ 4764 ಬರಬೇಕು. ಒಂದು 4740, ಇನ್ನೊಂದು 4790 ಬಂದರೆ ರೂಮು ಸೊಟ್ಟಗಿದೆ ಎಂದೇ ಅರ್ಥ. ಚಿತ್ರದಲ್ಲಿ ಗೋಡೆಗೆ ಅಂಟಿಕೊಂಡು ನಿಂತ ವಾರ್ಡ್‌ರೋಬ್ ಅಲ್ಲಿ ಕೂರಿಸಿದಾಗ ಒಂದು ಬದಿ ಬಾಯಿ ಬಿಡುತ್ತದೆ.

ಕಿಟಕಿಗೆ ನಾಲ್ಕು ಅಳತೆ ಬೇಕು: ಅಗಲ, ಎತ್ತರ, ನೆಲದಿಂದ ಸಿಲ್, ಅಂದರೆ ಕಿಟಕಿಯ ಕೆಳ ಅಂಚಿನವರೆಗಿನ ಎತ್ತರ, ಸಿಲ್ ಕಲ್ಲು ಗೋಡೆಯಿಂದ ಒಳಗೆ ಎಷ್ಟು ಚಾಚಿದೆ ಎಂಬುದು. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಕಿಟಕಿ ಕಟ್ಟೆಯ, ಅಂದರೆ ಕಿಟಕಿಯ ಕೆಳಗೆ ಕೂರಲು ಮಾಡುವ ಪೆಟ್ಟಿಗೆಯ, ಮುಚ್ಚಳ ತೆರೆಯುತ್ತದೋ ಇಲ್ಲವೋ ಎಂಬುದು ಅದರ ಮೇಲೇ ನಿಂತಿದೆ. ಇವುಗಳ ಜೊತೆಗೆ ಬಾಗಿಲು ಯಾವ ಕಡೆ ತಿರುಗುತ್ತದೆ, ಪ್ಲಗ್ ಪಾಯಿಂಟ್ ಎಲ್ಲಿದೆ, ಹೊರಗಿನ ಸಜ್ಜಾ ಎಷ್ಟು ಚಾಚಿದೆ ಎಂಬುದನ್ನು ಬರೆದುಕೊಂಡರೆ ಸಾಕು.

ಈ ರೂಮಿನಲ್ಲಿ ಮಂಚ, ಮೇಜು, ಕಿಟಕಿ ಕಟ್ಟೆ ಮೂರೂ ನಿಜವಾಗಿ ಹಿಡಿಯುತ್ತವೆಯೇ?

ಹಿಡಿಯುತ್ತವೆ. ಆದರೆ ಸಾಮಾನುಗಳು ಮುಚ್ಚಿದ್ದಾಗ ಹಿಡಿಯುವುದು ಬೇರೆ, ತೆರೆದಾಗ ಹಿಡಿಯುವುದು ಬೇರೆ. ಆದ್ದರಿಂದ ಲೆಕ್ಕವನ್ನು ತೆರೆದ ಸ್ಥಿತಿಯಲ್ಲೇ ಹಾಕಬೇಕು.

ಉದ್ದದ ಗೋಡೆಗಳು ಉತ್ತರ ಮತ್ತು ದಕ್ಷಿಣ. ಬಾಗಿಲು ಪಶ್ಚಿಮ ಗೋಡೆಯ ದಕ್ಷಿಣ ತುದಿಯಲ್ಲಿದೆ, 900 ಅಗಲ. ಪೂರ್ವ ಗೋಡೆಯ ಉದ್ದಕ್ಕೂ 450 ಆಳದ ಕಟ್ಟೆ. ಉತ್ತರ ಗೋಡೆಗೆ ಮಂಚ: 75 ಇಂಚು × 36 ಇಂಚಿನ ಹಾಸಿಗೆಗೆ ಚೌಕಟ್ಟು 1980 × 990 ಆಗುತ್ತದೆ. ತಲೆ ಪೂರ್ವಕ್ಕೆ ಬರುತ್ತದೆ. ಉತ್ತರಕ್ಕೆ ತಲೆ ಹಾಕುವಂತೆ ಚಿತ್ರ ಮಾಡಿದರೆ ಇಲ್ಲಿನ ಬಹಳಷ್ಟು ಮನೆಗಳಲ್ಲಿ ಮೊದಲ ಆಕ್ಷೇಪಣೆ ಅದೇ ಆಗುತ್ತದೆ, ಹಾಗಾಗಿ ದಿಕ್ಕನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಕಟ್ಟೆಯ 450, ಮಂಚದ 1980 ಕಳೆದರೆ ಮಂಚದ ಕಾಲಬುಡದಲ್ಲಿ 1230 ಉಳಿಯುತ್ತದೆ. ಅಲ್ಲಿ ಪಶ್ಚಿಮ ಗೋಡೆಗೆ 600 ಆಳ, 900 ಅಗಲದ ವಾರ್ಡ್‌ರೋಬ್. ಅದರ ಮುಂದೆ 630 ಜಾಗ ಸಿಗುತ್ತದೆ. 450ರ ಎರಡು ಬಾಗಿಲು ತೆರೆಯಲು ಅಷ್ಟು ಸಾಕು.

ದಕ್ಷಿಣ ಗೋಡೆಗೆ ಮೇಜು: 1050 ಅಗಲ, 500 ಆಳ, 750 ಎತ್ತರ. ಕಟ್ಟೆಗೂ ಮೇಜಿಗೂ ನಡುವೆ 600 ಬಿಡಿ, ಕಟ್ಟೆಯ ಮೇಲೆ ಕೂತವರ ಕಾಲಿಗೆ ಬೇಕು. ಆಗ ಮೇಜು ಬಾಗಿಲಿನ ತಿರುವಿಗೂ ಅಡ್ಡ ಬರುವುದಿಲ್ಲ. ಕೂತವರ ಮುಖ ದಕ್ಷಿಣಕ್ಕೆ, ಕಿಟಕಿ ಎಡಗಡೆಗೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಕಿಟಕಿ ಪ್ರತಿಫಲಿಸುವುದಿಲ್ಲ, ಬೆಳಕು ನೇರ ಕಣ್ಣಿಗೂ ಹೊಡೆಯುವುದಿಲ್ಲ.

ಈಗ ಅಡ್ಡಲಾಗಿ ಅಳೆಯಿರಿ. 3050ರಲ್ಲಿ ಮಂಚ 990, ಮೇಜು 500 ಹೋದರೆ ನಡುವೆ 1560. ಕುರ್ಚಿ ಹಿಂದೆ ಸರಿಸಿ ಏಳಲು 750 ಬೇಕು. ಮಂಚದ ಡ್ರಾಯರ್ ಪೂರ್ತಿ ಎಳೆದರೆ 500. ಎರಡೂ ಒಟ್ಟಿಗೆ ಆದರೂ 310 ಉಳಿಯುತ್ತದೆ. ಇದೇ ಸಾಮಾನನ್ನು 9 ಅಡಿ ಅಗಲದ ರೂಮಿಗೆ ಹಾಕಿ ನೋಡಿ: 2745ರಲ್ಲಿ ನಡುವೆ ಸಿಗುವುದು 1255, ಬೇಕಾದದ್ದು 1250. ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಬಾಡಿಗೆಗೆ ಬಂದವರು ಕುರ್ಚಿಯಿಂದ ಎದ್ದು ಡ್ರಾಯರ್ ಎಳೆದರೆ ಕಾಲಿಡಲು ಜಾಗವಿಲ್ಲ. ಅಂಥ ರೂಮಿಗೆ ಡ್ರಾಯರ್ ಬಿಟ್ಟು ಮೇಲಕ್ಕೆತ್ತುವ ಮಂಚವನ್ನೇ ತೋರಿಸಿ.

ಬ್ಲೆಂಡರ್‌ನಲ್ಲಿ ಇದನ್ನು ಕಣ್ಣಾರೆ ನೋಡಲು ಡ್ರಾಯರ್, ವಾರ್ಡ್‌ರೋಬ್ ಬಾಗಿಲು, ಕುರ್ಚಿ ಇವುಗಳನ್ನು ಬೇರೆ ಬೇರೆ ಆಬ್ಜೆಕ್ಟ್ ಮಾಡಿ. ಬಾಗಿಲುಗಳ `Origin` ಅನ್ನು ಹಿಂಜ್ ಇರುವ ಅಂಚಿಗೆ ಇಟ್ಟರೆ ತಿರುಗಿಸಿ ಪರೀಕ್ಷಿಸುವುದು ಒಂದು ಕ್ಷಣದ ಕೆಲಸ.

ಸ್ಟೋರೇಜ್ ಮಂಚವನ್ನು ಡ್ರಾಯರ್ ಇರುವಂತೆ ತೋರಿಸಬೇಕೋ, ಎತ್ತುವಂತೆಯೋ?

ಡ್ರಾಯರ್ ಮಂಚದ ಬಗ್ಗೆ ಒಂದು ಸತ್ಯ ಚಿತ್ರದಲ್ಲಿ ಕಾಣುವುದೇ ಇಲ್ಲ. ಮಂಚದ ಅಗಲ 990, ಡ್ರಾಯರ್ ಒಳಗೆ ಹೋಗುವುದು 500. ಗೋಡೆ ಕಡೆಯ ಅರ್ಧ ಖಾಲಿ ಪೆಟ್ಟಿಗೆಯಾಗಿ ಉಳಿಯುತ್ತದೆ, ಕೈಗೆ ಸಿಗುವುದಿಲ್ಲ. ಆ ಅರ್ಧಕ್ಕೆ ಹಾಸಿಗೆಯ ಕೆಳಗೆ ಎತ್ತಿ ತೆಗೆಯುವ ಹಲಗೆ ಮಾಡಿಸಿ, ಸೂಟ್‌ಕೇಸಿನಂಥ ಅಪರೂಪಕ್ಕೆ ಬೇಕಾಗುವ ವಸ್ತುಗಳಿಗೆ ಬಿಡಬಹುದು. ಪೂರ್ತಿ ಮಂಚವೇ ಸಾಮಾನಿನ ಜಾಗ ಎಂಬಂತೆ ಮಾತ್ರ ತೋರಿಸಬೇಡಿ. ಎರಡನೇ ಚಿತ್ರದಲ್ಲಿ ಒಂದು ಡ್ರಾಯರನ್ನು ಪೂರ್ತಿ ಎಳೆದು ಇಡಿ, ಅಳತೆ ತಾನಾಗಿಯೇ ಗೊತ್ತಾಗುತ್ತದೆ.

ಎತ್ತುವ ಮಂಚದಲ್ಲಿ ಜಾಗ ಪೂರ್ತಿ ಸಿಗುತ್ತದೆ. ಆದರೆ ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಹಾಸಿಗೆಯ ತೂಕಕ್ಕೆ ಹೊಂದಬೇಕು. ಹಗುರ ಫೋಮ್ ಹಾಸಿಗೆಗೆ ಹಾಕಿದ ಸ್ಟ್ರಟ್ ಭಾರದ ತೆಂಗಿನನಾರಿನ ಹಾಸಿಗೆಯನ್ನು ಹಿಡಿದು ನಿಲ್ಲಿಸುವುದಿಲ್ಲ, ಮುಚ್ಚಳ ಕೆಳಗೆ ಬೀಳುತ್ತದೆ.

ಮಲೆನಾಡಿನಲ್ಲಿ ಎರಡಕ್ಕೂ ಒಂದು ಶತ್ರು ಇದೆ, ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಆಡುವುದಿಲ್ಲ, ತಣ್ಣಗಿನ ಗೋಡೆಗೆ ತಾಗಿದ ಹಿಂಬದಿಯಲ್ಲಿ ತೇವ ಕೂರುತ್ತದೆ, ಬಟ್ಟೆಗೆ ಮುಗ್ಗುಲು ವಾಸನೆ ಹಿಡಿಯುತ್ತದೆ. ಅದಕ್ಕೆ ಮಂಚವನ್ನು ಗೋಡೆಯಿಂದ 50 ದೂರ ಇಡಬೇಕು, ಪೆಟ್ಟಿಗೆಯ ಗೋಡೆಬದಿ ಮತ್ತು ಕಾಲಬದಿಯ ಹಲಗೆಗಳಲ್ಲಿ 30 ಮಿ.ಮೀ. ವ್ಯಾಸದ ನಾಲ್ಕು ನಾಲ್ಕು ತೂತು ಬೇಕು, ನೆಲದಿಂದ 75 ಎತ್ತರಕ್ಕೆ ಕಾಲು ಬೇಕು. ಇವು ಮೂರೂ ಮಾಡೆಲ್‌ನಲ್ಲಿ ಇರಲಿ. ಚಿತ್ರದಲ್ಲಿ ಮಂಚ ಗೋಡೆಗೆ ಅಂಟಿದ್ದರೆ ಬಡಗಿಯೂ ಅಂಟಿಸಿಯೇ ಕೂರಿಸುತ್ತಾರೆ. ಗೋಡೆಯ ಆ 50ನ್ನು ಸೇರಿಸಿದರೆ ನಡುವಿನ 1560 ಈಗ 1510 ಆಗುತ್ತದೆ, ಡ್ರಾಯರ್ ಮತ್ತು ಕುರ್ಚಿ ತೆರೆದಾಗ ಉಳಿಯುವುದು 260. 10 ಅಡಿ ರೂಮಿಗೆ ಇದು ಸಾಕು. 9 ಅಡಿ ರೂಮಿನಲ್ಲಿದ್ದ ಆ 5 ಮಿ.ಮೀ. ಮಾತ್ರ ಇಲ್ಲಿಗೆ ಮುಗಿಯಿತು.

ಪ್ಲೈವುಡ್ ಐಎಸ್ 710 ದರ್ಜೆಯದ್ದು, 18 ಮಿ.ಮೀ. ಐಎಸ್ 303ರ ಸಾಮಾನ್ಯ ಎಂಆರ್ ಪ್ಲೈ ಇಲ್ಲಿನ ತೇವಕ್ಕೆ ತಡೆಯುವುದು ಕಷ್ಟ. ರೆಂಡರ್‌ನಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಚಿತ್ರದ ಜೊತೆ ಕೊಡುವ ಹಾಳೆಯಲ್ಲಿ ದರ್ಜೆಯನ್ನು ಬರೆದೇ ಕೊಡಿ.

ಕಿಟಕಿ ಕಟ್ಟೆ ಚಿತ್ರದಲ್ಲಿ ಸೊಗಸಾಗಿರುತ್ತದೆ, ಕಟ್ಟಿಸಿದ ಮೇಲೆ ಯಾಕೆ ಹಾಗೆ ಬರುವುದಿಲ್ಲ?

ಅಂತರ್ಜಾಲದಲ್ಲಿ ಸಿಗುವ ಮಾದರಿಗಳಲ್ಲಿ ಗಾಜು ಕಟ್ಟೆಯ ಮಟ್ಟದಿಂದಲೇ ಶುರುವಾಗುತ್ತದೆ. ನಮ್ಮ ರೂಮಿನ ಸಿಲ್ 900 ಎತ್ತರದಲ್ಲಿದೆ, ಈ ಕಡೆಯ ಎಷ್ಟೋ ಮನೆಗಳಲ್ಲಿ ಇರುವುದೂ ಹಾಗೆಯೇ. ಕಟ್ಟೆ 450 ಎತ್ತರ. ಅಂದರೆ ಕೂತವರ ಪಕ್ಕಕ್ಕೆ ಮೊದಲು 450 ಗೋಡೆ, ಆಮೇಲೆ ಗಾಜು. ಇದು ಕೆಟ್ಟದ್ದೇನಲ್ಲ, ಸಿಲ್ ಮೇಲೆ ಮೊಣಕೈ ಊರಬಹುದು, ಕಾಫಿ ಲೋಟ ಇಡಬಹುದು. ಆದರೆ ಮಾಡೆಲ್‌ನಲ್ಲಿ ಸಿಲ್ಲನ್ನು ಕೆಳಗಿಳಿಸಿ ಚಿತ್ರ ಮಾಡಿದರೆ ಅದು ಬೇರೆ ಮನೆಯ ಚಿತ್ರವಾಗುತ್ತದೆ.

ಮುಚ್ಚಳದ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಟ್ಟೆಯ ಪೆಟ್ಟಿಗೆ 390, ಮೇಲೆ 60ರ ಕುಶನ್. ಮುಚ್ಚಳದ ಹಿಂಜ್ ಅನ್ನು ಗೋಡೆಗೇ ಕೂರಿಸಿದರೆ ಅದು ನೆಟ್ಟಗೆ 90 ಡಿಗ್ರಿಗೆ ನಿಲ್ಲುತ್ತದೆ, ಹಿಂದಕ್ಕೆ ವಾಲಲು ಜಾಗವಿಲ್ಲ. ಬಗ್ಗಿ ಬೆಡ್‌ಶೀಟ್ ತೆಗೆಯುವಾಗ ಕೈ ಮೇಲೆ ಬೀಳುತ್ತದೆ. ಅದಕ್ಕೆ ಗೋಡೆ ಕಡೆ 50ರ ಒಂದು ಪಟ್ಟಿಯನ್ನು ಗಟ್ಟಿಯಾಗಿ ಕೂರಿಸಿ, ಅದರ ಮುಂದಿನ ಅಂಚಿಗೆ ಹಿಂಜ್ ಹಾಕಬೇಕು. ಮುಚ್ಚಳ ಈಗ 400. ಎತ್ತಿದರೆ ತುದಿ 790ಕ್ಕೆ ಬರುತ್ತದೆ, 900ರ ಸಿಲ್‌ಗೆ ತಾಗದೆ ಸ್ವಲ್ಪ ಹಿಂದಕ್ಕೆ ವಾಲಿ ನಿಲ್ಲುತ್ತದೆ. ನಿಮ್ಮ ಸಿಲ್ ಎರಡೂವರೆ ಅಡಿ, ಅಂದರೆ 760 ಇದ್ದು, ಗ್ರಾನೈಟ್ 40 ಒಳಗೆ ಚಾಚಿದ್ದರೆ ಇದೇ ಮುಚ್ಚಳ ವಾಲಿದ ತಕ್ಷಣ ಕಲ್ಲಿಗೆ ಬಡಿಯುತ್ತದೆ. ಆಗ ಮುಚ್ಚಳ ಬಿಟ್ಟು ಮುಂದಿನಿಂದ ಡ್ರಾಯರ್ ಮಾಡಿ.

ಮಂಚದ ತಲೆಗೆ ತಾಗಿದ 990 ಭಾಗದಲ್ಲಿ ಕೂರಲಾಗುವುದಿಲ್ಲ. ಅಲ್ಲಿ ಕುಶನ್ ತೆಗೆದು, ಫೋನ್ ಮತ್ತು ನೀರಿನ ಬಾಟಲಿ ಇಡುವ ಹಲಗೆಯಾಗಿ ತೋರಿಸಿ. ಕೂರುವ ಉದ್ದ ಉಳಿದ ಸುಮಾರು ಎರಡು ಮೀಟರ್, ಅದನ್ನೇ ಚಿತ್ರದಲ್ಲಿ ಹೇಳಿ.

ಮಳೆಯ ದಿಕ್ಕನ್ನೂ ಗಮನಿಸಿ. ಇಲ್ಲಿ ಮುಂಗಾರು ನೈಋತ್ಯದಿಂದ ಬರುತ್ತದೆ. ಪೂರ್ವದ ಕಿಟಕಿಗೆ ಎರಚಲು ಕಡಿಮೆ. ಕಿಟಕಿ ಪಶ್ಚಿಮಕ್ಕಿದ್ದರೆ ಬಟ್ಟೆಯ ಕುಶನ್ ಬದಲು ರೆಕ್ಸಿನ್ ತೋರಿಸುವುದು ವಾಸಿ. ಗ್ರಿಲ್ ಮತ್ತು ಸೊಳ್ಳೆ ಜಾಲರಿ ಬಿಡಲೇಬೇಡಿ. ಕಟ್ಟೆ ಹತ್ತಿ ನಿಂತವರಿಗೆ ಸಿಲ್ ಬರೀ 450 ಎತ್ತರ, ಮೊದಲ ಮಹಡಿಯಲ್ಲಿ ಗ್ರಿಲ್ ಇಲ್ಲದ ಕಿಟಕಿ ಕಟ್ಟೆ ಅಪಾಯ.

ಕ್ಯಾಮೆರಾ ಎಲ್ಲಿಡಬೇಕು? ಎಷ್ಟು ಮಿ.ಮೀ. ಲೆನ್ಸ್?

ಮನುಷ್ಯ ನಿಲ್ಲಬಹುದಾದ ಜಾಗದಲ್ಲಿ, ಅಂದರೆ ಬಾಗಿಲಲ್ಲಿ. ಎತ್ತರ 1200, ಲೆನ್ಸ್ 24, ಸೆನ್ಸರ್ ಅಗಲ 36, ಚಿತ್ರ 4:3. ಇದರಲ್ಲಿ ಅಡ್ಡ ನೋಟ ಸುಮಾರು 74 ಡಿಗ್ರಿ.

```python
import bpy
cam = bpy.context.scene.camera
cam.data.sensor_width = 36
cam.data.lens = 24
cam.location.z = 1.2
cam.rotation_euler[0] = 1.5708
cam.rotation_euler[1] = 0
```

ಕೊನೆಯ ಎರಡು ಸಾಲು ಕ್ಯಾಮೆರಾವನ್ನು ಮೇಲೆ ಕೆಳಗೆ ಬಾಗದಂತೆ ಹಿಡಿಯುತ್ತವೆ, ಅದರಿಂದ ಗೋಡೆಯ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ನೆಲ ಹೆಚ್ಚು ಕಾಣಬೇಕಿದ್ದರೆ ಕ್ಯಾಮೆರಾ ಬಗ್ಗಿಸಬೇಡಿ, `Shift Y` ಬದಲಿಸಿ. ನಂತರ ಕ್ಯಾಮೆರಾವನ್ನು ಪೂರ್ವದಿಂದ ಉತ್ತರದ ಕಡೆಗೆ 20 ಡಿಗ್ರಿ ತಿರುಗಿಸಿ. ಬಲಕ್ಕೆ ಮೇಜು, ಎದುರಿಗೆ ಕಿಟಕಿ ಕಟ್ಟೆ, ಎಡಕ್ಕೆ ಮಂಚ ಬರುತ್ತವೆ. ಮಂಚದ ಗೋಡೆ ಕಡೆಯ ಕಾಲುಮೂಲೆ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ, ಹೋಗಲಿ. ತೀರಾ ಬೇಕೆಂದರೆ 20 ಮಿ.ಮೀ.ವರೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ. 14 ಮಿ.ಮೀ.ಗೆ ನೋಟ 100 ಡಿಗ್ರಿ ದಾಟುತ್ತದೆ, 12 ಅಡಿ ರೂಮು 18 ಅಡಿಯಂತೆ ಕಾಣುತ್ತದೆ. ಲೆನ್ಸ್ ಎಳೆಯುತ್ತಿದೆಯೇ ಎಂದು ತಿಳಿಯಲು ಚಿತ್ರದ ಮೂಲೆಯ ಹತ್ತಿರ ಒಂದು ಚೆಂಡನ್ನಿಟ್ಟು ನೋಡಿ. ಅದು ಮೊಟ್ಟೆಯಾದರೆ ಮೂಲೆಯಲ್ಲಿರುವ ಮೇಜೂ ಅಷ್ಟೇ ಉದ್ದವಾಗಿದೆ.

ವಾರ್ಡ್‌ರೋಬ್ ಈ ಚಿತ್ರದಲ್ಲಿ ಬರುವುದೇ ಇಲ್ಲ. ಅದಕ್ಕೆ ಕಟ್ಟೆಯ ಕಡೆಯಿಂದ ಬಾಗಿಲಿನತ್ತ ನೋಡುವ ಇನ್ನೊಂದು ಚಿತ್ರ ಬೇಕು. ಎಲ್ಲವನ್ನೂ ಒಂದೇ ಚಿತ್ರಕ್ಕೆ ತುರುಕಲು ಕ್ಯಾಮೆರಾವನ್ನು ಗೋಡೆಯ ಆಚೆ ಇಟ್ಟು `Clip Start`ನಿಂದ ಗೋಡೆ ಕತ್ತರಿಸುವ ದಾರಿ ಇದೆ. ಬಾಡಿಗೆಯ ರೂಮಿಗೆ ನಾವು ಅದನ್ನು ಒಪ್ಪುವುದಿಲ್ಲ. ಅಷ್ಟು ದೂರದಿಂದ ಆ ರೂಮನ್ನು ಯಾರೂ ನೋಡಲಾರರು.

ರೂಮಿನ ಅಳತೆ ನೋಡುವವರಿಗೆ ಗೊತ್ತಾಗುವುದು ಹೇಗೆ?

ನೆಲದ ಟೈಲಿನಿಂದ. 600 × 600 ವಿಟ್ರಿಫೈಡ್ ಟೈಲ್ ಆದರೆ ಅಗಲಕ್ಕೆ ಐದು, ಉದ್ದಕ್ಕೆ ಆರು, ಅಂಚಿನಲ್ಲಿ ಸಣ್ಣ ತುಂಡು. ಚಿತ್ರ ನೋಡುವವರು ಎಣಿಸಬಲ್ಲರು. ಆದ್ದರಿಂದ ಟೈಲಿನ ಟೆಕ್ಸ್ಚರ್ ಅಳತೆ ತಪ್ಪಿದರೆ ರೂಮೇ ತಪ್ಪಿದಂತೆ. ಟೈಲ್ 400 ಆಗಿ ಬಂದರೆ ಎಂಟು ಸಾಲು ಕಾಣುತ್ತದೆ, ಕಣ್ಣು ಅದನ್ನು ದೊಡ್ಡ ರೂಮೆಂದೇ ಓದುತ್ತದೆ. ಮಾಡೆಲ್ ಮಾಡಿದ ಮೇಲೆ `Ctrl A` ಒತ್ತಿ `Scale` ಅನ್ವಯಿಸದೆ ಬಿಟ್ಟರೆ ಹೀಗಾಗುವುದು ಸಾಮಾನ್ಯ. ಹಳೆ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲದಲ್ಲಿ ಎಣಿಸಲು ಗೆರೆಗಳಿಲ್ಲ, ಅಲ್ಲಿ ಅಳತೆ ಹೇಳುವ ಕೆಲಸವನ್ನು ಬಾಗಿಲು ಮತ್ತು ಕುರ್ಚಿ ಮಾಡಬೇಕು.

ಬೆಳಕನ್ನು ಶಿವಮೊಗ್ಗದ ಬೆಳಕಿನಂತೆ ಮಾಡುವುದು ಹೇಗೆ?

ಎರಡು ಚಿತ್ರ ಮಾಡಿ: ಒಂದು ಡಿಸೆಂಬರ್ ಬೆಳಗಿನದು, ಇನ್ನೊಂದು ಜುಲೈ ಮಧ್ಯಾಹ್ನದ್ದು.

ಶಿವಮೊಗ್ಗ ಸುಮಾರು 13.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ 9ಕ್ಕೆ ಸೂರ್ಯ ದಿಗಂತದಿಂದ ಸುಮಾರು 27 ಡಿಗ್ರಿ ಮೇಲೆ, ಆಗ್ನೇಯ ದಿಕ್ಕಿನಲ್ಲಿರುತ್ತಾನೆ. `World` ವಿಭಾಗದಲ್ಲಿ `Sky Texture`, ಬಗೆ `Nishita`, `Sun Elevation` 27 ಇಡಿ. `Sun Rotation` ಸಂಖ್ಯೆಯನ್ನು ನಂಬಿ ಬಿಡಬೇಡಿ. ರೂಮಿನ ಹೊರಗೆ ಒಂದು ಮೀಟರ್ ಎತ್ತರದ ಕೋಲು ನಿಲ್ಲಿಸಿ, ಅದರ ನೆರಳು ವಾಯವ್ಯಕ್ಕೆ, ಎರಡು ಮೀಟರಿಗೆ ತುಸು ಕಡಿಮೆ ಉದ್ದ ಬೀಳುವವರೆಗೆ ತಿರುಗಿಸಿ. ಸರಿಯಾಗಿದ್ದರೆ ಬಿಸಿಲು ಕಿಟಕಿಯಿಂದ ಎಡಕ್ಕೆ ಓರೆಯಾಗಿ ಹೋಗಿ ಮಂಚದ ಮೇಲೆ ಮತ್ತು ಉತ್ತರ ಗೋಡೆಯ ಮೇಲೆ ಬೀಳುತ್ತದೆ. ಮೇಜು ನೆರಳಿನಲ್ಲೇ ಇರುತ್ತದೆ. ಬಿಸಿಲಿನ ಪಟ್ಟಿ ಮೇಜಿನ ಮೇಲೆ ಬಂದರೆ ದಿಕ್ಕು ತಪ್ಪಿದೆ. ಹೊರಗಿನ ಸಜ್ಜಾ ಮಾಡೆಲ್ ಮಾಡದಿದ್ದರೆ ಬಿಸಿಲು ಇರಬೇಕಾದ್ದಕ್ಕಿಂತ ಹೆಚ್ಚು ಒಳಗೆ ನುಗ್ಗುತ್ತದೆ.

ಜುಲೈ ಚಿತ್ರಕ್ಕೆ `Sun Disc` ತೆಗೆದು, ಆಕಾಶವನ್ನು ಒಂದೇ ಬೂದುಬಣ್ಣಕ್ಕೆ ಇಳಿಸಿ. ನೆರಳುಗಳಿಗೆ ಅಂಚು ಇರಬಾರದು. ರೂಮಿನೊಳಗೆ ಟ್ಯೂಬ್‌ಲೈಟ್ ಮತ್ತು ಮೇಜಿನ ದೀಪ ಹೊತ್ತಿರಲಿ, ಮಳೆಗಾಲದಲ್ಲಿ ಇಲ್ಲಿ ಹಗಲಲ್ಲೂ ಹಾಗೆಯೇ ಕೆಲಸ ಮಾಡುವುದು. ಮೇಜಿಗೆ ಪ್ರತ್ಯೇಕ ದೀಪ ಬೇಕೋ ಬೇಡವೋ ಎಂಬುದು ಈ ಚಿತ್ರದಲ್ಲಿ ತಿಳಿಯುತ್ತದೆ, ಡಿಸೆಂಬರ್ ಚಿತ್ರದಲ್ಲಲ್ಲ. ಮಾಲೀಕರು ಬಿಸಿಲಿನ ಚಿತ್ರವನ್ನಷ್ಟೇ ಹಾಕಲು ಇಷ್ಟಪಡುತ್ತಾರೆ. ವರ್ಷದ ನಾಲ್ಕು ತಿಂಗಳು ಬಾಡಿಗೆದಾರರು ಇರುವುದು ಎರಡನೆಯದರಲ್ಲಿ, ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲೇ ಕೊಡಿ.

ಚಿತ್ರದಲ್ಲಿ ಕಾಳು ಕಾಳು ಬರುತ್ತದೆ, ರೂಮು ಕತ್ತಲೆಯಾಗಿದೆ. ಏನು ಮಾಡಲಿ?

ಒಂದೇ ಕಿಟಕಿಯ ರೂಮಿನಲ್ಲಿ ಇದು ಸಹಜ. ಬೆಳಕು ಬರುವ ಬಾಯಿ ಚಿಕ್ಕದು, ಎಂಜಿನ್ ಅದನ್ನು ಹುಡುಕಿ ಸುಸ್ತಾಗುತ್ತದೆ. ಕಿಟಕಿಯಷ್ಟೇ ಅಳತೆಯ `Area` ಲೈಟ್ ಅನ್ನು ಗಾಜಿನ ಜಾಗದಲ್ಲಿ ಒಳಮುಖವಾಗಿ ಇಟ್ಟು `Portal` ಗುರುತು ಹಾಕಿ. ಅದು ಹೊಸ ಬೆಳಕು ಕೊಡುವುದಿಲ್ಲ, ಆಕಾಶದ ಬೆಳಕು ಎಲ್ಲಿಂದ ಬರುತ್ತದೆ ಎಂದು ತೋರಿಸುತ್ತದೆ ಅಷ್ಟೇ. ಕಿಟಕಿಯ ಗಾಜನ್ನು ರೆಂಡರ್‌ನಿಂದ ತೆಗೆದುಬಿಡಿ, ಮುಚ್ಚಿದ ಗಾಜಿನ ಮೂಲಕ ಬಿಸಿಲು ಹಾಯುವಾಗಲೇ ಕಾಳು ಹೆಚ್ಚು. `Diffuse` ಬೌನ್ಸ್ 4ರಿಂದ 8ಕ್ಕೆ ಏರಿಸಿದರೆ ಮೂಲೆಗಳು ಬೆಳಗುತ್ತವೆ. ಆಮೇಲೂ ಕತ್ತಲೆ ಅನಿಸಿದರೆ `Color Management`ನಲ್ಲಿ `Exposure` ಏರಿಸಿ. ಇಲ್ಲದ ದೀಪವನ್ನು ಕ್ಯಾಮೆರಾದ ಹಿಂದೆ ಇಡಬೇಡಿ.

ಗೋಡೆಯ ಬಿಳಿಗೆ 1.0 ಕೊಡುವುದು ತಪ್ಪು. ನಿಜವಾದ ಸುಣ್ಣಬಣ್ಣವೂ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಕೊಡುವುದಿಲ್ಲ, 0.8ಕ್ಕಿಂತ ಮೇಲೆ ಹೋಗಬೇಡಿ. 1.0 ಕೊಟ್ಟ ರೂಮಿನಲ್ಲಿ ನೆರಳೇ ಇರುವುದಿಲ್ಲ, ಗೋಡೆ ಮತ್ತು ಸೀಲಿಂಗ್ ಕೂಡುವ ಗೆರೆ ಮಾಯವಾಗುತ್ತದೆ.

ಸ್ಯಾಂಪಲ್ ಸಂಖ್ಯೆ 1024, `Noise Threshold` 0.01, ಕೊನೆಗೆ `OpenImageDenoise`. ಮುಗಿದ ಮೇಲೆ ಗ್ರಿಲ್ ಇರುವ ಭಾಗವನ್ನು ಪೂರ್ತಿ ಅಳತೆಗೆ ಹಿಗ್ಗಿಸಿ ನೋಡಿ. 12 ಮಿ.ಮೀ. ಸರಳುಗಳು ಮೇಣದಂತೆ ಕರಗಿ ಕಂಡರೆ ಡಿನಾಯ್ಸರ್ ಊಹಿಸಿ ತುಂಬಿದೆ ಎಂದರ್ಥ. ಸ್ಯಾಂಪಲ್ ಸಂಖ್ಯೆ ಇಮ್ಮಡಿ ಮಾಡಿ ಮತ್ತೆ ಓಡಿಸಿ.

ಈ ಚಿತ್ರವನ್ನೇ ಬಡಗಿಗೆ ಕೊಟ್ಟರೆ ಆಗುತ್ತದೆಯೇ?

ಆಗುವುದಿಲ್ಲ. ಚಿತ್ರದಿಂದ ಅಳತೆ ತೆಗೆಯಲು ಬರುವುದಿಲ್ಲ. ಮೇಲಿನಿಂದ ನೋಡಿದ ಒಂದು ನಕ್ಷೆ, ಪ್ರತಿ ಗೋಡೆಯ ಎದುರುನೋಟ, ಕಟ್ಟೆಯನ್ನು ಅಡ್ಡ ಸೀಳಿದ ಒಂದು ನಕ್ಷೆ ಕೊಡಿ. ಅಡಿ-ಇಂಚು ಮತ್ತು ಮಿಲಿಮೀಟರ್ ಎರಡರಲ್ಲೂ ಬರೆಯಿರಿ. ಸೀಳುನಕ್ಷೆಯಲ್ಲಿ ಗೋಡೆ ಕಡೆಯ 50ರ ಪಟ್ಟಿ, 400ರ ಮುಚ್ಚಳ, 900ರ ಸಿಲ್ ಮೂರೂ ಒಂದೇ ಕಡೆ ಕಾಣಬೇಕು. ಪ್ಲೈ ಕತ್ತರಿಸುವ ಮುನ್ನ ಬಡಗಿಯೊಂದಿಗೆ ರೂಮಿನ ನೆಲದ ಮೇಲೆ ಸೀಮೆಸುಣ್ಣದಿಂದ ಮಂಚ, ಎಳೆದ ಡ್ರಾಯರ್, ಹಿಂದೆ ಸರಿದ ಕುರ್ಚಿ ಇವುಗಳ ಗೆರೆ ಹಾಕಿ, ಒಬ್ಬರು ನಡುವೆ ನಡೆದು ನೋಡಲಿ.